ಕಾರ್ಟ್ ಇಲ್ಲದ ಕ್ಯಾಟಲಾಗ್ ಸೈಟ್: ಸ್ಪ್ರಿಂಗ್ ಘಟಕದಲ್ಲಿ ಮೂರು ವರ್ಷದ ಬಳಕೆ

ಪೀಣ್ಯದಲ್ಲಿ ನಮ್ಮದು ಆರು ಜನರ ಸ್ಪ್ರಿಂಗ್ ಘಟಕ. ಮೂರು ವರ್ಷದ ಹಿಂದೆ ಒಂದು ವೆಬ್‌ಸೈಟ್ ಮಾಡಿಸಿದೆವು. ಅದರಲ್ಲಿ ಫೋಟೋ ಇದೆ, ಅಳತೆ ಇದೆ. ಬೆಲೆ ಇಲ್ಲ, ಕಾರ್ಟ್ ಇಲ್ಲ. ಪ್ರತಿ ಪುಟದ ಕೆಳಗೆ ಎನ್‌ಕ್ವೈರಿ ಫಾರ್ಮ್ ಇದೆ.

ಕಾರ್ಟ್ ಬೇಡ ಅಂದಿದ್ದು ನಾನೇ. 20 ಪೀಸ್ ಮಾಡಿದರೂ 2000 ಮಾಡಿದರೂ ಮೆಷಿನ್ ಸೆಟ್ಟಿಂಗ್‌ಗೆ ಹಿಡಿಯುವ ಹೊತ್ತು ಒಂದೇ. ಹಾಗಾಗಿ ಎಷ್ಟು ಬೇಕು ಅಂತ ಗೊತ್ತಾಗದೆ ರೇಟ್ ಹೇಳೋಕಾಗಲ್ಲ. ಆ ನಿರ್ಧಾರದ ಬಗ್ಗೆ ಇವತ್ತಿಗೂ ಖುಷಿ ಇದೆ.

ಆದರೆ ಮೊದಲ ವರ್ಷ ಫಾರ್ಮ್ ಕೆಲಸಕ್ಕೆ ಬರಲಿಲ್ಲ. ಹೆಸರು, ಫೋನ್, ಮೆಸೇಜ್, ಇಷ್ಟೇ ಇತ್ತು. ‘ಸ್ಪ್ರಿಂಗ್ ಬೇಕು, ರೇಟ್ ಕಳಿಸಿ’ ಅಂತ ಬರುತ್ತಿತ್ತು. ಆಮೇಲೆ ತಂತಿ ದಪ್ಪ, ಡಯಾ, ಉದ್ದ, ಪೀಸ್ ಎಷ್ಟು ಅಂತ ಬೇರೆ ಬೇರೆ ಕಾಲಂ ಹಾಕಿಸಿದೆ.

ಆಗಲೂ ಒಂದು ಪೆಟ್ಟು ತಿಂದೆವು. ಗಂಗಾವತಿ ಕಡೆಯ ರೈಸ್ ಮಿಲ್‌ನವರು ತಂತಿ 2 ಎಂಎಂ, ಡಯಾ 20 ಅಂತ ಬರೆದಿದ್ದರು. ನಾವು ಹೊರ ಡಯಾ ಅಂದುಕೊಂಡು 150 ಪೀಸ್ ಮಾಡಿ ಕಳಿಸಿದೆವು. ಅವರು ಹೇಳಿದ್ದು ಒಳಗೆ ಹೋಗುವ ರಾಡ್‌ನ ಅಳತೆ. ನಮ್ಮ ಸ್ಪ್ರಿಂಗ್‌ನ ಒಳ ಡಯಾ ಬರೀ 16. ರಾಡ್ ಹತ್ತಲೇ ಇಲ್ಲ. ಹೊರ ಡಯಾ 24ಕ್ಕಿಂತ ಸ್ವಲ್ಪ ಜಾಸ್ತಿಯೇ ಬೇಕಿತ್ತು. ಪೂರ್ತಿ ಮತ್ತೆ ಮಾಡಿಕೊಟ್ಟೆವು. ಈಗ ಕಾಲಂ ಪಕ್ಕದಲ್ಲೇ ಬಾಣ ಹಾಕಿದ ಚಿತ್ರ ಇದೆ. ‘ಇದು ರಾಡ್ ಮೇಲೆ ಕೂರುತ್ತಾ, ತೂತಿನೊಳಗೆ ಕೂರುತ್ತಾ?’ ಅಂತ ಒಂದು ಪ್ರಶ್ನೆಯೂ ಇದೆ. ಆಮೇಲೆ ಆ ತಪ್ಪು ಮತ್ತೆ ಆಗಿಲ್ಲ.

ಇದಕ್ಕಿಂತ ಕೆಟ್ಟದ್ದು ಮೇಲ್‌ದು. ಒಮ್ಮೆ ಹನ್ನೊಂದು ದಿನ ಒಂದೂ ಎನ್‌ಕ್ವೈರಿ ಬರಲಿಲ್ಲ. ವ್ಯಾಪಾರ ಡಲ್ ಅಂದುಕೊಂಡೆ. ಹಳೇ ಗಿರಾಕಿಯೊಬ್ಬರು ‘ಫಾರ್ಮ್ ತುಂಬಿ ವಾರ ಆಯ್ತು, ಉತ್ತರನೇ ಇಲ್ವಲ್ಲ ಸಾರ್’ ಅಂತ ಫೋನ್ ಮಾಡಿದಾಗ ಎದೆ ಧಸಕ್ ಅಂತು. ಆಗಿದ್ದಿಷ್ಟು: ಫಾರ್ಮ್‌ನಿಂದ ಬರುವ ಮೇಲ್‌ನಲ್ಲಿ From ಜಾಗಕ್ಕೆ ಗಿರಾಕಿಯ ವಿಳಾಸ ಹೋಗುತ್ತಿತ್ತು. ಅವರ ಹೆಸರಲ್ಲಿ ಮೇಲ್ ಕಳಿಸೋಕೆ ನಮ್ಮ ಸರ್ವರ್‌ಗೆ ಅನುಮತಿ ಇಲ್ಲ ಅಲ್ವಾ, ಅದಕ್ಕೆ ಮೇಲ್ ಸೇವೆ ಅದನ್ನು ನಕಲಿ ಅಂತ ತಡೆದುಬಿಡುತ್ತಿತ್ತು. ಕೆಲವು ಸ್ಪ್ಯಾಮ್‌ನಲ್ಲಿ ಸಿಕ್ಕವು, ಉಳಿದವು ಹೋದವು. From ನಮ್ಮದೇ ಡೊಮೇನ್‌ನ ವಿಳಾಸ, Reply-To ಗಿರಾಕಿಯದು ಅಂತ ಬದಲಿಸಿ, ನಮ್ಮ ಮೇಲ್ ಖಾತೆಯಿಂದಲೇ SMTP ಮೂಲಕ ಕಳಿಸಿದ ಮೇಲೆ ಸರಿಯಾಯಿತು. ಈಗ ಪ್ರತಿ ಎನ್‌ಕ್ವೈರಿಯ ಒಂದು ಪ್ರತಿ ಸೈಟ್‌ನಲ್ಲೂ ಉಳಿಯುತ್ತದೆ. ಸೋಮವಾರ ಬೆಳಿಗ್ಗೆ ನಾನೇ ಒಂದು ಫಾರ್ಮ್ ತುಂಬಿ ಮೇಲ್ ಬರುತ್ತಾ ಅಂತ ನೋಡುತ್ತೇನೆ.

ಈ ಸೈಟ್‌ಗೆ ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ನಾಲ್ಕು ಥರದ ಸ್ಪ್ರಿಂಗ್ ಬೇಕಾದವರು ಈಗಲೂ ನಾಲ್ಕು ಸಲ ಫಾರ್ಮ್ ತುಂಬಬೇಕು. ಒಂದೇ ಪಟ್ಟಿಗೆ ಎಲ್ಲ ಸೇರಿಸಿ ಒಟ್ಟಿಗೆ ಕಳಿಸುವ ಹಾಗೆ ಮಾಡಿಸುವುದು ಬಾಕಿ ಇದೆ.