ಹೊಸ ಎಕ್ಸ್‌ಪೆಲ್ಲರ್‌ಗೆ ದುಡ್ಡು ಕೂಡಿಡಲು ನಾನು ನೋಡಿದ ಮೂರು ದಾರಿ

ಬದಿಯಡ್ಕ ಕಡೆ ನಮ್ಮದು ಚಿಕ್ಕ ಎಣ್ಣೆ ಮಿಲ್ಲು. ಕೊಬ್ಬರಿ ಹಿಂಡುವ ಎಕ್ಸ್‌ಪೆಲ್ಲರ್ ಒಂದು, ಕೊಬ್ಬರಿ ಒಣಗಿಸುವ ಡ್ರೈಯರ್ ಒಂದು, ಎಣ್ಣೆ ಸೋಸುವ ಫಿಲ್ಟರ್ ಒಂದು. ಇವುಗಳಿಗೂ ಆಯುಷ್ಯ ಇದೆ. ಮುಗಿದಾಗ ಹೊಸದು ತರಲು ಪ್ರತಿ ವರ್ಷ ಸಮನಾದ ಮೊತ್ತ ತೆಗೆದಿಡಬೇಕು ಅಂತ ಬೇರೆ ಬೇರೆ ಕಾಲದಲ್ಲಿ ಮೂರು ರೀತಿ ಮಾಡಿ ನೋಡಿದ್ದೇನೆ. ಮಿಲ್ಲಿನ ಕರೆಂಟ್ ಅಕೌಂಟಿನಲ್ಲೇ ಬಿಡುವುದು, ಚಿಟ್ಟಿ ಹಾಕುವುದು, ವರ್ಷಕ್ಕೊಂದು ಎಫ್‌ಡಿ ಮಾಡುವುದು.

ಮೊದಲನೆಯದರ ಬಗ್ಗೆ ಜಾಸ್ತಿ ಹೇಳಲು ಏನಿಲ್ಲ. ವರ್ಷದ ಲೆಕ್ಕದಲ್ಲಿ ಆಡಿಟರು ಯಂತ್ರಕ್ಕೆ 15 ಶೇಕಡಾ ಸವಕಳಿ ತೋರಿಸುತ್ತಾರೆ. ಅಷ್ಟು ದುಡ್ಡು ಎಲ್ಲೋ ಉಳಿದಿದೆ ಅಂತ ನಾನು ನಂಬಿದ್ದೆ. ಸವಕಳಿ ಎಂದರೆ ಪುಸ್ತಕದಲ್ಲಿ ಬರೆಯುವ ಅಂಕಿ, ಅದರಿಂದ ತೆರಿಗೆ ಕಡಿಮೆಯಾಗುತ್ತದೆ ಅಷ್ಟೆ. ದುಡ್ಡನ್ನು ನಾವೇ ಬೇರೆ ಇಡಬೇಕು. ನಾನು ಬೇರೆ ಅಂತ ಇಟ್ಟದ್ದೂ ಅದೇ ಅಕೌಂಟಿನಲ್ಲಿ. ಜನವರಿಯಲ್ಲಿ ಕೊಬ್ಬರಿ ಅಗ್ಗಕ್ಕೆ ಸಿಕ್ಕಿತು, ಅದಕ್ಕೆ ಹೋಯಿತು. ಮಳೆಗಾಲದಲ್ಲಿ ಕೆಲಸ ಕಡಿಮೆ, ಆಗ ಸಂಬಳಕ್ಕೆ ಹೋಯಿತು. ನಾಲ್ಕು ವರ್ಷ ಕಳೆದು ನೋಡಿದಾಗ ಹೊಸ ಮೋಟರಿಗೂ ಸಾಲದಷ್ಟು ಉಳಿದಿತ್ತು.

ಚಿಟ್ಟಿ ಡ್ರೈಯರಿಗಾಗಿ ಹಾಕಿದ್ದು. 3 ಲಕ್ಷದ ಚಿಟ್ಟಿ, 60 ತಿಂಗಳು, ತಿಂಗಳಿಗೆ 5,000. ಏಲಂನಲ್ಲಿ ಯಾರು ಜಾಸ್ತಿ ಬಿಟ್ಟುಕೊಡುತ್ತಾರೋ ಅವರಿಗೆ ಆ ತಿಂಗಳ ಚಿಟ್ಟಿ. ಬಿಟ್ಟುಕೊಟ್ಟದ್ದರಲ್ಲಿ ಚಿಟ್ಟಿ ನಡೆಸುವ ಫೋರ್‌ಮ್ಯಾನ್‌ನ ಕಮಿಷನ್ ಹೋಗಿ ಉಳಿದದ್ದು ಎಲ್ಲರ ಕಂತಿನಲ್ಲಿ ಕಡಿತವಾಗುತ್ತದೆ. ಹಾಗಾಗಿ ಎಷ್ಟೋ ತಿಂಗಳು 5,000ಕ್ಕಿಂತ ಕಡಿಮೆ ಕಟ್ಟಿದ್ದೇನೆ. ಕೊನೆಯವರೆಗೆ ಕಾದರೆ ಲಾಭ ಇತ್ತು. ಆದರೆ 32ನೇ ತಿಂಗಳಲ್ಲಿ ಡ್ರೈಯರಿನ ತಳ ತುಕ್ಕು ಹಿಡಿದು ಹೋಯಿತು. ಕೂಗಿ ಎತ್ತಿದೆ. ಕೈಗೆ ಬಂದದ್ದು 2,46,000. ಜಾಮೀನು ಕೊಟ್ಟು, ಉಳಿದ 28 ಕಂತು ಕಟ್ಟಿದೆ. ಕಂತಿನ ಕಡಿತ ಲೆಕ್ಕ ಹಾಕಿದರೂ ಕಟ್ಟಿದ್ದು ಜಾಸ್ತಿಯೇ ಆಯಿತು. ಆದರೆ ಅವತ್ತು ಎಫ್‌ಡಿ ಇದ್ದಿದ್ದರೆ ಅಷ್ಟರವರೆಗೆ ಇಟ್ಟ ದುಡ್ಡು ಮಾತ್ರ ಸಿಗುತ್ತಿತ್ತು. ಚಿಟ್ಟಿಯಲ್ಲಿ ಮುಂದೆ ಕಟ್ಟಬೇಕಾದದ್ದೂ ಸೇರಿ ಮೊದಲೇ ಸಿಕ್ಕಿತು. ಮಧ್ಯದಲ್ಲಿ ಎತ್ತಿದರೆ ಚಿಟ್ಟಿ ಸಾಲ, ಕೊನೆಗೆ ಎತ್ತಿದರೆ ಉಳಿತಾಯ. ಯಾವಾಗ ಕೈಕೊಡುತ್ತದೆ ಅಂತ ಹೇಳಲಾಗದ ಯಂತ್ರಕ್ಕೆ ನಾನು ಈಗಲೂ ಚಿಟ್ಟಿಯನ್ನೇ ಹಾಕುತ್ತೇನೆ.

ಎಕ್ಸ್‌ಪೆಲ್ಲರ್ ಹಾಗಲ್ಲ. ಅದು ನಿಧಾನಕ್ಕೆ ಸವೆಯುತ್ತದೆ, ಮೊದಲೇ ಹೇಳಿಯೇ ಸವೆಯುತ್ತದೆ. ಕೊಬ್ಬರಿ ಒತ್ತುವ ವರ್ಮ್, ಅದರ ಸುತ್ತಲಿನ ಕೇಜ್ ಬಾರ್ ಸವೆದರೆ ಹಿಂಡಿ ದಪ್ಪವಾಗಿ ಬರುತ್ತದೆ, ಮುಷ್ಟಿಯಲ್ಲಿ ಹಿಡಿದರೆ ಜಿಡ್ಡಾಗುತ್ತದೆ. ಅವನ್ನು ಬದಲಿಸುವುದು ರಿಪೇರಿ ಖರ್ಚು, ಅದಕ್ಕೆ ಹೊಸ ಯಂತ್ರದ ನಿಧಿಯನ್ನು ಮುಟ್ಟಬಾರದು. ಹೊಸ ವರ್ಮ್ ಹಾಕಿದ ಮೇಲೂ ಹಿಂಡಿಯಲ್ಲಿ ಎಣ್ಣೆ ಉಳಿದರೆ, ಗೇರ್‌ಬಾಕ್ಸ್ ಸದ್ದು ಬದಲಾದರೆ, ಮುಖ್ಯ ಶಾಫ್ಟ್ ಆಡತೊಡಗಿದರೆ ಯಂತ್ರದ ಕಾಲ ಬಂತು. ನಮ್ಮ ಮೆಕ್ಯಾನಿಕ್ ನೋಡಿ, ಇನ್ನು ಆರು ವರ್ಷ ಓಡಬಹುದು ಎಂದರು. ಅದನ್ನೇ ಹಿಡಿದು ಎಫ್‌ಡಿ ಶುರು ಮಾಡಿದೆ.

ಆಗ ಕೊಯಮತ್ತೂರಿನಿಂದ ಬಂದ ಕೊಟೇಶನ್ 4 ಲಕ್ಷ. ಬೆಲೆ ವರ್ಷಕ್ಕೆ 5 ಶೇಕಡಾ ಏರಿದರೆ ಆರು ವರ್ಷದಲ್ಲಿ ಸುಮಾರು 5,36,000. ಹಳೆಯದು ಗುಜರಿಗೆ 56,000ಕ್ಕೆ ಹೋಗಬಹುದು. ಬೇಕಾದದ್ದು 4,80,000. ಬ್ಯಾಂಕ್ ಬಡ್ಡಿ 7 ಶೇಕಡಾ. ಆದರೆ ಬಡ್ಡಿಗೆ ತೆರಿಗೆ ಇದೆ. ಎಫ್‌ಡಿ ಮುಗಿಯುವ ತನಕ ಕಾಯದೆ ವರ್ಷ ವರ್ಷವೂ ಅದನ್ನು ಆದಾಯದಲ್ಲಿ ತೋರಿಸಿದೆ. 20 ಶೇಕಡಾ ತೆರಿಗೆ, ಅದರ ಮೇಲೆ ಸೆಸ್ ಕಳೆದರೆ ಕೈಗೆ ಸುಮಾರು 5.5. ವರ್ಷದ ಆರಂಭದಲ್ಲೇ ಇಡುವುದಾದರೆ ಎಕ್ಸೆಲ್‌ನಲ್ಲಿ ಹೀಗೆ ಬರೆಯಬಹುದು:

```
=PMT(5.5%,6,0,-480000,1)
```

ಉತ್ತರ 66,053. ಕೊನೆಯ 1 ಎಂದರೆ ವರ್ಷದ ಆರಂಭ. ಅಲ್ಲಿ 0 ಹಾಕಿದರೆ ವರ್ಷದ ಕೊನೆ, ಆಗ 69,686 ಬೇಕು. ನಾನು 66,100 ಅಂತ ಇಟ್ಟುಕೊಂಡೆ. ಇಡುವುದು ಮೇ ತಿಂಗಳಲ್ಲಿ. ಬೇಸಗೆಯ ಕೆಲಸ ಮುಗಿದಿರುತ್ತದೆ, ಕೈಯಲ್ಲಿ ಕಾಸು ಇರುತ್ತದೆ, ಮಳೆ ಬಂದಿರುವುದಿಲ್ಲ.

ಇದೇ ಲೆಕ್ಕವನ್ನು ತಿರುಗಿಸಿ ನೋಡಿದಾಗ ನನಗೆ ನಿಜಕ್ಕೂ ಆಶ್ಚರ್ಯ ಆಯಿತು. ತೆರಿಗೆ ಮರೆತು 7 ಶೇಕಡಾ ಅಂತ ಹಾಕಿದರೆ 62,700 ಬರುತ್ತದೆ. ವರ್ಷಕ್ಕೆ 3,300ದ ಆಸುಪಾಸು ತಪ್ಪು. ಬೆಲೆ ಏರಿಕೆ ಮರೆತು ಇವತ್ತಿನ 4 ಲಕ್ಷಕ್ಕೇ ಲೆಕ್ಕ ಹಾಕಿದರೆ 47,300 ಬರುತ್ತದೆ. ಆರು ವರ್ಷ ತಪ್ಪದೆ ಇಟ್ಟರೂ ಕೊನೆಗೆ 1,36,000 ಕಡಿಮೆ! ಬಡ್ಡಿ ಅರ್ಧ ಶೇಕಡಾ ಎಲ್ಲಿ ಜಾಸ್ತಿ ಅಂತ ನಾವು ಊರೆಲ್ಲ ಕೇಳುತ್ತೇವೆ, ಯಂತ್ರದ ಬೆಲೆಯನ್ನು ಮಾತ್ರ ಹಳೆಯ ಕಾಗದದಲ್ಲಿ ನೋಡುತ್ತೇವೆ, ಅಲ್ವಾ?

ಹಾಗಾಗಿಯೇ ಹತ್ತಿರದ ಒಂದು ಸಹಕಾರಿ ಸಂಘ 1 ಶೇಕಡಾ ಜಾಸ್ತಿ ಕೊಡುತ್ತೇನೆ ಎಂದಾಗ ನಾನು ಹೋಗಲಿಲ್ಲ. ಬ್ಯಾಂಕಿನ ಠೇವಣಿಗೆ ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ 5 ಲಕ್ಷದವರೆಗೆ ರಿಸರ್ವ್ ಬ್ಯಾಂಕಿನ ಅಂಗಸಂಸ್ಥೆ ಡಿಐಸಿಜಿಸಿಯ ವಿಮೆ ಇದೆ. ಪ್ರಾಥಮಿಕ ಸಹಕಾರಿ ಸಂಘಗಳಿಗೆ ಆ ವಿಮೆ ಇಲ್ಲ. ನನ್ನ ಮೊತ್ತಕ್ಕೆ ಆ 1 ಶೇಕಡಾದಿಂದ ವರ್ಷಕ್ಕೆ ಉಳಿಯುವುದು ಎರಡು ಸಾವಿರವೂ ಇಲ್ಲ.

ಎಫ್‌ಡಿಯನ್ನು ಒಂದೇ ರಶೀದಿಯಲ್ಲಿ ಇಟ್ಟಿಲ್ಲ. ಮೊದಲ ವರ್ಷದ್ದು ಆರು ವರ್ಷಕ್ಕೆ, ಎರಡನೆಯದು ಐದಕ್ಕೆ, ಮೂರನೆಯದು ನಾಲ್ಕಕ್ಕೆ, ಹೀಗೆ. ಎಲ್ಲವೂ ಒಂದೇ ಮೇ ತಿಂಗಳಲ್ಲಿ ಮುಗಿಯುತ್ತವೆ. ವರ್ಷ ವರ್ಷ ನವೀಕರಿಸುವ ಎಫ್‌ಡಿಯೂ ಇದೆ, ಆದರೆ ಅದು ಪ್ರತಿ ಮೇಯಲ್ಲಿ ಒಮ್ಮೆ ಕೈಗೆ ಬಂದು ಆಸೆ ಹುಟ್ಟಿಸುತ್ತದೆ. ಕರೆಂಟ್ ಅಕೌಂಟಿನ ಕತೆ ನನಗೆ ಒಮ್ಮೆ ಸಾಕು. ಮುಗಿದ ದಿನ ತಾನಾಗಿ ನವೀಕರಣ ಆಗದಂತೆ ಫಾರ್ಮಿನಲ್ಲಿ ಬರೆದು ಕೊಟ್ಟಿದ್ದೇನೆ. ತೆರಿಗೆ ಉಳಿಸುವ ಐದು ವರ್ಷದ ಎಫ್‌ಡಿ ಮಾತ್ರ ಬೇಡ ಎಂದೆ, ಅದನ್ನು ಮಧ್ಯದಲ್ಲಿ ಮುರಿಯಲಾಗುವುದಿಲ್ಲ.

ಪ್ರತಿ ಏಪ್ರಿಲ್‌ನಲ್ಲಿ ಹೊಸ ಕೊಟೇಶನ್ ತರಿಸುತ್ತೇನೆ. ಎರಡು ವರ್ಷ ಕಳೆದಾಗ 4,41,000 ಇರಬೇಕಿತ್ತು, ಬಂದದ್ದು 4,70,000. ಅದಕ್ಕೆ ಮತ್ತೆ ನಾಲ್ಕು ವರ್ಷದ 5 ಶೇಕಡಾ ಸೇರಿಸಿ, ಗುಜರಿ ಕಳೆದರೆ ಸುಮಾರು 5,15,300. ಅಷ್ಟರಲ್ಲಿ ನಿಧಿಯಲ್ಲಿದ್ದ 1,43,300 ನಾಲ್ಕು ವರ್ಷಕ್ಕೆ 1,77,500 ಆಗುತ್ತದೆ. ಉಳಿದ 3,37,800 ಅನ್ನು ನಾಲ್ಕು ಕಂತಿನಲ್ಲಿ ತುಂಬಬೇಕು. ಕಂತು 66,100ರಿಂದ 73,700ಕ್ಕೆ ಏರಿತು. ಆ ವರ್ಷ ಕಷ್ಟ ಆಯಿತು, ಆದರೂ ಇಟ್ಟೆ. ಮೂರನೆಯ ರಶೀದಿಯ ಮೇಲೆ 73,700 ಅಂತಲೇ ಇದೆ.

ಈಗ ಹಿಂಡಿ ಮತ್ತೆ ಸ್ವಲ್ಪ ಜಿಡ್ಡಾಗುತ್ತಿದೆ. ವರ್ಮ್ ಬದಲಿಸಿ ನೋಡಬೇಕು. ಗೇರ್‌ಬಾಕ್ಸೇ ಬೇಗ ಹೋದರೆ ರಶೀದಿಗಳನ್ನು ಮುರಿಯುವ ಮೊದಲು ಅವುಗಳ ಮೇಲೆಯೇ ಓವರ್‌ಡ್ರಾಫ್ಟ್ ಕೇಳುತ್ತೇನೆ. ಕಡಿಮೆ ಬಿದ್ದದ್ದಕ್ಕೆ, ಈ ಸಲವೂ, ಒಂದು ಚಿಟ್ಟಿ.