ತರಬೇತಿ ಬಾಂಡ್‌ಗೆ ಸಹಿ ಹಾಕುವ ಮೊದಲು ನನ್ನ ಕಥೆ ಕೇಳಿ

ಬೆಂಗಳೂರಿನ ಒಂದು ಸಾಫ್ಟ್‌ವೇರ್ ಕಂಪನಿಗೆ ಸೇರಿದ ದಿನ ನಾನು ಛಾಪಾ ಕಾಗದದ ಮೇಲೆ ಬಾಂಡ್ ಬರೆದುಕೊಟ್ಟೆ. 24 ತಿಂಗಳ ಒಳಗೆ ಕೆಲಸ ಬಿಟ್ಟರೆ ತರಬೇತಿ ವೆಚ್ಚವೆಂದು 2 ಲಕ್ಷ ರೂಪಾಯಿ ಕಟ್ಟಬೇಕು ಎಂಬುದು ಷರತ್ತು. ಜೊತೆಗೆ ಮೊತ್ತ ಬರೆಯದೆ, ಸಹಿ ಮಾತ್ರ ಮಾಡಿದ ಒಂದು ಚೆಕ್ಕನ್ನೂ ಕೊಟ್ಟೆ. ಬಾಂಡ್‌ನ ಪ್ರತಿ ಕೇಳಿ ಇಟ್ಟುಕೊಳ್ಳಲಿಲ್ಲ. ಈ ಎರಡು ತಪ್ಪುಗಳು ಮುಂದೆ ನನ್ನ ನಿದ್ದೆ ಕೆಡಿಸಿದವು.

14 ತಿಂಗಳಾದ ಮೇಲೆ ಬೇರೆ ಕಡೆ ಕೆಲಸ ಸಿಕ್ಕಿತು. ‘ಬಾಂಡ್‌ಗೆ ಕಾನೂನಿನಲ್ಲಿ ಬೆಲೆಯೇ ಇಲ್ಲ, ಧೈರ್ಯವಾಗಿ ಬಿಡು’ ಎಂದು ಸಹೋದ್ಯೋಗಿಗಳು ಹೇಳಿದರು, ನಂಬಿದೆ. ಮೂರು ವಾರದಲ್ಲಿ ವಕೀಲರ ನೋಟಿಸ್ ಮನೆಗೆ ಬಂತು. 2 ಲಕ್ಷ ಮತ್ತು ಅದರ ಮೇಲೆ ಬಡ್ಡಿ ಕೊಡದಿದ್ದರೆ ಚೆಕ್ಕನ್ನು ಬ್ಯಾಂಕಿಗೆ ಹಾಕುತ್ತೇವೆ ಎಂದು ಬರೆದಿದ್ದರು. ಅದನ್ನು ಮೊದಲು ಓದಿದ್ದು ಅಪ್ಪ.

ಊರಿನ ಪರಿಚಯದ ವಕೀಲರೊಬ್ಬರ ಬಳಿ ಓಡಿದೆ. ಬಾಂಡ್‌ಗೆ ಬೆಲೆಯಿಲ್ಲ ಎಂಬುದು ಸುಳ್ಳು ಎಂದು ಅವರು ಮೊದಲೇ ಹೇಳಿದರು. ಆ ಮಾತಿಗೆ ನಮ್ಮ ರಾಜ್ಯದ್ದೇ ಪ್ರಕರಣವಿದೆ. ವಿಜಯಾ ಬ್ಯಾಂಕಿನ ಅಧಿಕಾರಿಯೊಬ್ಬರು ಮೂರು ವರ್ಷ ತುಂಬುವ ಮೊದಲು ಹೊರಟು, ಷರತ್ತಿನಂತೆ 2 ಲಕ್ಷ ಕಟ್ಟಿ, ಅದನ್ನು ಹಿಂದಕ್ಕೆ ಪಡೆಯಲು ಹೋರಾಡಿದರು. ಕರ್ನಾಟಕ ಹೈಕೋರ್ಟ್ ಅವರ ಪರ ನಿಂತಿತ್ತು. ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ಆ ತೀರ್ಪನ್ನು ರದ್ದುಪಡಿಸಿತು. ಕೆಲಸದಲ್ಲಿರುವ ಅವಧಿಗೆ ಹಾಕಿದ ಇಂಥ ಷರತ್ತು ಉದ್ಯೋಗಕ್ಕೆ ಅಡ್ಡಿಪಡಿಸುವ ಕರಾರು ಅಸಿಂಧು ಎನ್ನುವ ಕರಾರು ಕಾಯ್ದೆಯ 27ನೇ ಕಲಮಿಗೆ ವಿರುದ್ಧವಲ್ಲ, ಸರ್ಕಾರಿ ಬ್ಯಾಂಕು ಆ ಹುದ್ದೆಗೆ ಮತ್ತೆ ನೇಮಕ ನಡೆಸಲು ದೀರ್ಘ ಪ್ರಕ್ರಿಯೆ ಮತ್ತು ಖರ್ಚು ಹೊರಬೇಕಾಗುತ್ತದೆ, ಹಿರಿಯ ಹುದ್ದೆಯ ಸಂಬಳ ನೋಡಿದರೆ 2 ಲಕ್ಷ ವಿಪರೀತವೂ ಅಲ್ಲ ಎಂದಿತು.

ಹಾಗೆಂದು ಬಾಂಡ್‌ನಲ್ಲಿ ಬರೆದ ಮೊತ್ತವೆಲ್ಲ ಅವರ ಪಾಲಾಗುವುದಿಲ್ಲ. ಕರಾರು ಕಾಯ್ದೆಯ 74ನೇ ಕಲಮು ಆ ಮೊತ್ತವನ್ನು ಗರಿಷ್ಠ ಮಿತಿಯಾಗಿ ಮಾತ್ರ ನೋಡುತ್ತದೆ, ಅದರೊಳಗೆ ಎಷ್ಟು ನ್ಯಾಯವೋ ಅಷ್ಟೇ ಪರಿಹಾರ. ದೆಹಲಿ ಹೈಕೋರ್ಟ್ 2011ರಲ್ಲಿ ಸಿಕ್ಪಾ ಇಂಡಿಯಾ ಕಂಪನಿಯ ಪ್ರಕರಣದಲ್ಲಿ ಇದನ್ನು ಲೆಕ್ಕ ಹಾಕಿಯೇ ತೋರಿಸಿತು. ಅಲ್ಲಿಯೂ 2 ಲಕ್ಷದ, ಮೂರು ವರ್ಷದ ಬಾಂಡ್. ತರಬೇತಿಗೆ ಕಂಪನಿ ಖರ್ಚು ಮಾಡಿದ್ದು 67,595 ರೂಪಾಯಿ. ನೌಕರ ಎರಡು ವರ್ಷ ದುಡಿದಿದ್ದರಿಂದ ಉಳಿದ ಮೂರನೇ ಒಂದು ಭಾಗ, ಸುಮಾರು 22,500 ರೂಪಾಯಿ ಮಾತ್ರ ಕೊಡಬೇಕೆಂದಿತು.

ನಮ್ಮ ವಕೀಲರು ಇದೇ ದಾರಿ ಹಿಡಿದರು. ತರಬೇತಿಗೆ ಯಾರಿಗೆ ಎಷ್ಟು ಹಣ ಕೊಟ್ಟಿರಿ, ರಸೀದಿ ತೋರಿಸಿ ಎಂದು ಉತ್ತರ ಬರೆದರು. ನಿಜ ಹೇಳಬೇಕೆಂದರೆ ನಮಗೆ ಪಾಠ ಹೇಳಿದ್ದು ಅದೇ ಕಂಪನಿಯ ಹಿರಿಯರು, ಅದೂ ನಮ್ಮ ಕೈಯಿಂದ ಗ್ರಾಹಕರ ಕೆಲಸ ಮಾಡಿಸುತ್ತಲೇ. ಹೊಸಬರಿಗೆ ದಿನನಿತ್ಯದ ಕೆಲಸ ಕಲಿಸಿದ್ದನ್ನೆಲ್ಲ ತರಬೇತಿ ವೆಚ್ಚವೆಂದು ತೋರಿಸುವುದು ನನಗೆ ಈಗಲೂ ಅನ್ಯಾಯವೆಂದೇ ಕಾಣುತ್ತದೆ. ಕೊನೆಗೆ ಅವರಿಂದ ಬಂದದ್ದು ಒಂದೇ ರಸೀದಿ, ಹೊರಗಿನ ಸಂಸ್ಥೆಯ ಕೋರ್ಸ್ ಮತ್ತು ಪರೀಕ್ಷೆಗೆ ಕಟ್ಟಿದ 36,000 ರೂಪಾಯಿ. 24 ತಿಂಗಳಲ್ಲಿ ಉಳಿದದ್ದು 10. ಆ ಲೆಕ್ಕಕ್ಕೆ 15,000 ರೂಪಾಯಿ ಆಗುತ್ತದೆ.

ಆದರೆ ಕುತ್ತಿಗೆಗೆ ಬಿದ್ದ ನಿಜವಾದ ಉರುಳು ಆ ಚೆಕ್. ಬ್ಯಾಂಕಿಗೆ ಹೇಳಿ ಪಾವತಿ ನಿಲ್ಲಿಸಿದರಾಯಿತು ಎಂದುಕೊಂಡಿದ್ದೆ. ಹಾಗೆ ನಿಲ್ಲಿಸಿದ ಚೆಕ್ ವಾಪಸಾದರೂ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯಲ್ಲಿ ಚೆಕ್ ಅಮಾನ್ಯಕ್ಕೆ ಸಂಬಂಧಿಸಿದ 138ನೇ ಕಲಮಿನಡಿ ಕ್ರಿಮಿನಲ್ ದೂರು ದಾಖಲಿಸಬಹುದಂತೆ. ಮೊತ್ತ ಬರೆಯದೆ ಸ್ವಇಚ್ಛೆಯಿಂದ ಸಹಿ ಮಾಡಿಕೊಟ್ಟ ಚೆಕ್ ಕೂಡ ಸಾಲಕ್ಕೇ ಕೊಟ್ಟದ್ದೆಂದು ನ್ಯಾಯಾಲಯ ಮೊದಲು ಭಾವಿಸುತ್ತದೆ. ಅಷ್ಟು ಬಾಕಿ ಇಲ್ಲವೆಂದು ತೋರಿಸುವ ಹೊರೆ ಸಹಿ ಹಾಕಿದವನದು. ಸಿವಿಲ್ ದಾವೆಯಲ್ಲಾದರೆ ಖರ್ಚನ್ನು ಕಂಪನಿ ಸಾಬೀತುಪಡಿಸಬೇಕು. ಚೆಕ್ ಕೊಟ್ಟರೆ ಆ ಅನುಕೂಲ ಕೈತಪ್ಪುತ್ತದೆ. ಬಾಂಡ್‌ಗೆ ಸಹಿ ಹಾಕಲೇಬೇಕಾದರೂ ಚೆಕ್ ಮಾತ್ರ ಕೊಡಬೇಡಿ, ಮೂಲ ಅಂಕಪಟ್ಟಿಗಳನ್ನೂ ಕೊಡಬೇಡಿ. ತರಬೇತಿ ಯಾವುದು, ಅದರ ವೆಚ್ಚ ಎಷ್ಟು, ಪ್ರತಿ ತಿಂಗಳು ದುಡಿದಂತೆ ಮೊತ್ತ ಎಷ್ಟು ಇಳಿಯುತ್ತದೆ ಎಂಬುದನ್ನು ಬಾಂಡ್‌ನಲ್ಲೇ ಬರೆಸಿ, ಪ್ರತಿ ಪಡೆಯಿರಿ.

ನಾಲ್ಕು ತಿಂಗಳ ಪತ್ರ ವ್ಯವಹಾರದ ನಂತರ ಕಂಪನಿ 15,000ಕ್ಕೆ ಒಪ್ಪಿತು. ಹಣ ಕೊಡುವ ಮೊದಲು ಚೆಕ್ ನನ್ನ ಕೈಗೆ ಬರಬೇಕು, ಬಾಕಿ ಏನೂ ಇಲ್ಲವೆಂಬ ಪತ್ರ ಮತ್ತು ಬಿಡುಗಡೆ ಪತ್ರ ಅದೇ ಮೇಜಿನ ಮೇಲೆ ಇರಬೇಕು ಎಂದು ವಕೀಲರು ಪಟ್ಟು ಹಿಡಿದರು. ಚೆಕ್ಕಿನ ಮೇಲೆ ಆಗಲೇ ‘ಎರಡು ಲಕ್ಷ’ ಎಂದು ಬೇರೆ ಯಾರದೋ ಅಕ್ಷರದಲ್ಲಿ ಬರೆದಿತ್ತು.