ಪಿಕ್ಸೆಲ್ ಚಿತ್ರ ಫ್ಲೆಕ್ಸ್ ಅಂಗಡಿಗೆ ಕೊಡ್ತೀರಾ? ನನ್ನ ಬೆಣ್ಣೆ ದೋಸೆ ಬೋರ್ಡಿಗೆ ಆದ ಗತಿ ನೋಡಿ

ದಾವಣಗೆರೆಯಲ್ಲಿ ನನ್ನ ಚಿಕ್ಕಪ್ಪನ ಮಗ ಒಂದು ಸಣ್ಣ ಬೆಣ್ಣೆ ದೋಸೆ ಹೋಟೆಲ್ ಶುರು ಮಾಡಿದ. ಬೋರ್ಡಿಗೆ ಎಲ್ಲರ ಥರ ದೋಸೆ ಫೋಟೋ ಬೇಡ, ಹಳೇ ವಿಡಿಯೋ ಗೇಮ್ ಥರ ಚೌಕ ಚೌಕ ಕಾಣಬೇಕು, ನೀನೇ ಬರೆದುಕೊಡು ಅಂದ. ನಾನು ಬರೆದೆ. 96 ಪಿಕ್ಸೆಲ್ ಅಗಲ, 64 ಎತ್ತರ, ಒಟ್ಟು 16 ಬಣ್ಣ. ಮಡಚಿದ ದೋಸೆ, ಮೇಲೆ ಚೌಕದ ಬೆಣ್ಣೆ ಮುದ್ದೆ, ಪಕ್ಕದಲ್ಲಿ ಆಲೂಗಡ್ಡೆ ಪಲ್ಯ, ಚಟ್ನಿ ಬಟ್ಟಲಲ್ಲಿ ಒಂದೇ ಒಂದು ಹಸಿರು ಪಿಕ್ಸೆಲ್‌ನಲ್ಲಿ ಕರಿಬೇವು. ಕೆಳಗೆ ‘ಬೆಣ್ಣೆ ದೋಸೆ’ ಅಂತ ಅಕ್ಷರ, ಅದೂ ಒಂದೊಂದೇ ಪಿಕ್ಸೆಲ್ ಇಟ್ಟು ಬರೆದದ್ದು. ಎರಡು ರಾತ್ರಿ ಹಿಡಿಯಿತು.

ಫೈಲನ್ನ ಫ್ಲೆಕ್ಸ್ ಅಂಗಡಿಗೆ ಮೊಬೈಲ್‌ನಲ್ಲೇ ಕಳಿಸಿದೆ, 6 ಅಡಿ 4 ಅಡಿ ಅಂತ ಹೇಳಿ ಸುಮ್ನಾದೆ. ಮಾರನೇ ದಿನ ಬೋರ್ಡ್ ಬಿಚ್ಚಿದರೆ ಎದೆ ಧಸಕ್ ಅಂತು. ಮಂಜು ಹಿಡಿದ ಕಿಟಕಿ ಗಾಜಿನಲ್ಲಿ ನೋಡಿದ ಹಾಗೆ ಇತ್ತು. ದೋಸೆ ಅಂಚು ಕರಗಿ ಬಟ್ಟಲಿಗೆ ಸೇರಿಕೊಂಡಿದೆ, ಕರಿಬೇವು ಚಟ್ನಿಯಲ್ಲಿ ಪಾಚಿ ಕಟ್ಟಿದ ಹಾಗೆ ಹರಡಿದೆ. ತಮ್ಮ ಸ್ವಲ್ಪ ಹೊತ್ತು ನೋಡಿ, "ಅಣ್ಣಾ, ಇದು ದೋಸೆನಾ ಮೋಡನಾ?" ಅಂದ.

ಅಂಗಡಿಯವರನ್ನ ಕೇಳಿದರೆ ಅವರಿಗೆ ತಾವು ಉಪಕಾರ ಮಾಡಿದ ಖುಷಿ. "ನೀವು ಕಳಿಸಿದ್ದು ಬಾಳ ಸಣ್ಣ ಫೈಲ್ ಇತ್ತು ಸರ್, ದೊಡ್ಡದು ಮಾಡಿದ್ರೆ ಚೌಕ ಚೌಕ ಒಡೀತಿತ್ತು, ಅದಕ್ಕೆ ಸ್ಮೂತ್ ಮಾಡಿದೀನಿ." ಅವರದ್ದು ತಪ್ಪು ಅಂತ ನನಗೆ ಪೂರ್ತಿ ಅನಿಸಲ್ಲ. ದಿನಾ ಜನ ಅಂಗೈ ಅಗಲದ ಫೋಟೋ ತಂದು ಹತ್ತಡಿ ಬ್ಯಾನರ್ ಮಾಡಿ ಅಂತಾರೆ, ಅವರ ಕಣ್ಣಿಗೆ ಚೌಕ ಅಂದರೆ ರೋಗ. ನಮ್ಮ ಚಿತ್ರದಲ್ಲಿ ಆ ಚೌಕವೇ ಚಿತ್ರ ಅಂತ ನಾನು ಬಾಯಿ ಬಿಟ್ಟು ಹೇಳಬೇಕಿತ್ತು. ಹೇಳಲಿಲ್ಲ. 24 ಚದರಡಿ ದುಡ್ಡು ಹೋಯಿತು. ಆ ಫ್ಲೆಕ್ಸ್ ಈಗ ಹೋಟೆಲ್ ಹಿಂದೆ ಸೌದೆ ಮೇಲೆ ಹೊದಿಸಿದೆ.

ಮನೆಗೆ ಬಂದು ಕೂತು ಲೆಕ್ಕ ಹಾಕಿದೆ. 6 ಅಡಿ ಅಂದರೆ 72 ಇಂಚು. ಆ ಅಂಗಡಿಯಲ್ಲಿ ಇಂಚಿಗೆ 72 ಪಿಕ್ಸೆಲ್ ಲೆಕ್ಕದಲ್ಲಿ ಫೈಲ್ ಮಾಡ್ತಾರೆ, ಅಂದರೆ ಅಗಲ 5184 ಪಿಕ್ಸೆಲ್. ಅದನ್ನ ನನ್ನ 96ರಿಂದ ಭಾಗಿಸಿದರೆ ಸರಿಯಾಗಿ 54. ಎತ್ತರ 3456, ಅದನ್ನ 64ರಿಂದ ಭಾಗಿಸಿದರೂ 54. ಒಂದು ಪಿಕ್ಸೆಲ್ ಜಾಗದಲ್ಲಿ 54 ಉದ್ದ, 54 ಅಗಲದ ಒಂದೇ ಬಣ್ಣದ ಚೌಕ ಇಟ್ಟುಕೊಂಡು ಹೋದರೆ ಸಾಕಿತ್ತು, ಬೋರ್ಡಿನ ಮೇಲೆ ಪ್ರತಿ ಚೌಕ ಮುಕ್ಕಾಲು ಇಂಚು ಬರ್ತಿತ್ತು. ಅಳತೆ ಇಷ್ಟು ಚೆನ್ನಾಗಿ ಕೂತಿತ್ತು ಅನ್ನೋದೇ ಹೊಟ್ಟೆ ಉರಿಸಿದ್ದು.

ಹಾಗಾದರೆ ಕೆಟ್ಟಿದ್ದು ಎಲ್ಲಿ? ದೊಡ್ಡದು ಮಾಡುವಾಗ ಸಾಫ್ಟ್‌ವೇರ್ ಹೊಸ ಪಿಕ್ಸೆಲ್‌ಗಳ ಬಣ್ಣ ಎಲ್ಲಿಂದಲಾದರೂ ತರಬೇಕು ಅಲ್ವಾ. ಬೈಲೀನಿಯರ್ ಅನ್ನೋ ವಿಧಾನ ಒಂದು ಪಿಕ್ಸೆಲ್‌ನ ನಡುಮಧ್ಯದಿಂದ ಪಕ್ಕದ್ದರ ನಡುಮಧ್ಯದವರೆಗೆ ಬಣ್ಣವನ್ನ ನಿಧಾನಕ್ಕೆ ಬದಲಿಸುತ್ತಾ ಹೋಗುತ್ತದೆ. ನಡುವಿನಿಂದ ನಡುವಿಗೆ, ಅಂಚಿನಲ್ಲಿ ಮಾತ್ರ ಅಲ್ಲ, ಇದನ್ನ ಗಮನಿಸಿ. ಅಂದರೆ ಒಂಟಿ ಪಿಕ್ಸೆಲ್‌ಗೆ ಚಪ್ಪಟೆ ಬಣ್ಣದ ಜಾಗವೇ ಉಳಿಯಲ್ಲ. ದೋಸೆ ಸುತ್ತ ನಾನು ಎಳೆದ ಒಂದು ಪಿಕ್ಸೆಲ್ ಕಪ್ಪು ಗೆರೆ ಮುಕ್ಕಾಲು ಇಂಚಿನ ಪಟ್ಟಿ ಆಗಬೇಕಿತ್ತು, ಇದರಲ್ಲಿ ಆಗೋದು ನಡುವೆ ಮಾತ್ರ ಕಪ್ಪು, ಎರಡೂ ಕಡೆ ಮಸುಕಾಗುತ್ತಾ ಹೋಗುವ ಒಂದೂವರೆ ಇಂಚಿನ ಮಸಿ. ಬೈಕ್ಯೂಬಿಕ್ ಅನ್ನೋದು ಸ್ವಲ್ಪ ಬಿಗಿ, ಆದರೆ ಅದು ಇನ್ನೊಂದು ಕೆಲಸ ಮಾಡುತ್ತದೆ. ಕಡು ಬಣ್ಣದ ಪಕ್ಕದ ತಿಳಿ ಬಣ್ಣವನ್ನ ಇರೋದಕ್ಕಿಂತ ಜಾಸ್ತಿ ಬೆಳ್ಳಗೆ ಮಾಡುತ್ತದೆ. ನಮ್ಮ ದೋಸೆ ಸುತ್ತ ದೇವರ ಫೋಟೋಗೆ ಇರುವ ಹಾಗೆ ಪ್ರಭಾವಳಿಯೂ ಬಂದಿತ್ತು, ಅದು ಇದರಿಂದ. ಫೋಟೋಗೆ ಇವೆರಡೂ ಒಳ್ಳೆಯವೇ. ಪಿಕ್ಸೆಲ್ ಚಿತ್ರಕ್ಕೆ ವಿಷ.

ಬೇಕಾಗಿದ್ದು ನಿಯರೆಸ್ಟ್ ನೇಬರ್, ಬಣ್ಣ ಕಲಸದೆ ಹತ್ತಿರದ ಪಿಕ್ಸೆಲ್‌ನ ಬಣ್ಣವನ್ನೇ ಹಾಗೇ ಇಡುವ ವಿಧಾನ. ಫೋಟೋಶಾಪ್‌ನಲ್ಲಿ ಅಳತೆ ಬದಲಿಸುವ ಕಡೆ `Nearest Neighbor (hard edges)` ಅಂತ ಇರುತ್ತದೆ, ಗಿಂಪ್‌ನಲ್ಲಿ `Interpolation: None`. ನಾನು ಕಮಾಂಡ್ ಟೈಪ್ ಮಾಡಿ ಚಿತ್ರ ಬದಲಿಸುವ ಇಮೇಜ್‌ಮ್ಯಾಜಿಕ್ ಅನ್ನೋ ಸಾಫ್ಟ್‌ವೇರ್‌ನಲ್ಲಿ ಹೀಗೆ ಮಾಡಿದೆ:

```
magick dose.png -filter point -resize 5400% dose54.png
magick identify -format "%k" dose54.png
```

ಎರಡನೇ ಸಾಲು ಫೈಲಿನಲ್ಲಿ ಎಷ್ಟು ಬೇರೆ ಬೇರೆ ಬಣ್ಣ ಇದೆ ಅಂತ ಎಣಿಸಿ ಹೇಳುತ್ತದೆ. ನನ್ನ ಚಿತ್ರದಲ್ಲಿ 16 ಬಣ್ಣ ಇತ್ತು, ದೊಡ್ಡದಾದ ಮೇಲೂ 16 ಅಂತಲೇ ಬರಬೇಕು. ಒಂದು ಜಾಸ್ತಿ ಬಂದರೂ ಯಾರೋ ಎಲ್ಲೋ ಬಣ್ಣ ಕಲಸಿದ್ದಾರೆ ಅಂತ ಅರ್ಥ. ಕಣ್ಣಿಗಿಂತ ಈ ಲೆಕ್ಕ ನಂಬಿ.

ಅಂಗಡಿಯಿಂದ ಫೈಲ್ ವಾಪಸ್ ತಂದು ಇದೇ ಲೆಕ್ಕ ಹಾಕಿದಾಗ ಇನ್ನೊಂದು ವಿಷಯ ಗೊತ್ತಾಯಿತು. ಅವರು ದೊಡ್ಡದು ಮಾಡುವ ಮುಂಚೆಯೇ, ಅವರ ಕೈಗೆ ಸಿಕ್ಕಿದ 96×64 ಫೈಲಿನಲ್ಲೇ ಎರಡು ಸಾವಿರದ ಹತ್ತಿರ ಬಣ್ಣ ಇದ್ದವು! ಕಾರಣ ನಾನೇ. ಮೊಬೈಲ್‌ನಲ್ಲಿ ಫೋಟೋ ಅಂತ ಕಳಿಸಿದ್ದೆ, ಆಪ್ ಅದನ್ನ ಜೆಪೆಗ್ ಮಾಡಿ ಕಳಿಸಿತು. ಜೆಪೆಗ್‌ನಲ್ಲಿ ಸಾಮಾನ್ಯವಾಗಿ ಹೊಳಪನ್ನ ಪಿಕ್ಸೆಲ್ ಪಿಕ್ಸೆಲ್‌ಗೂ ಇಡ್ತಾರೆ, ಬಣ್ಣವನ್ನ ಮಾತ್ರ ನಾಲ್ಕು ಪಿಕ್ಸೆಲ್‌ಗೆ ಸೇರಿಸಿ ಒಂದೇ ಇಡ್ತಾರೆ. ನನ್ನ ಒಂಟಿ ಕರಿಬೇವಿನ ಹಸಿರು ಪಕ್ಕದ ಮೂರು ಚಟ್ನಿ ಪಿಕ್ಸೆಲ್‌ಗೆ ಹಂಚಿಹೋಗಿದ್ದು ಹಾಗೆ. ಈಗ ಪಿಎನ್‌ಜಿ ಫೈಲನ್ನ ಡಾಕ್ಯುಮೆಂಟ್ ಅಂತ ಕಳಿಸ್ತೀನಿ, ಇಲ್ಲಾಂದ್ರೆ ಪೆನ್‌ಡ್ರೈವ್.

ಇಷ್ಟಾದ ಮೇಲೆ ಚಿತ್ರದುರ್ಗದ ಗೆಳೆಯ ಒಬ್ಬ ಫೋನ್ ಮಾಡಿದ, ಅವನಿಗೆ ಹಳೇ ಗೇಮ್‌ಗಳ ಹುಚ್ಚು. "ಲೇ, ಸುಮ್ನೆ ಚೌಕ ದೊಡ್ಡದು ಮಾಡೋದು ಏನ್ ಮಹಾ, ಸ್ಕೇಲ್‌ಟುಎಕ್ಸ್ ಹಾಕು, ಅಂಚು ನೈಸಾಗಿ ಬರುತ್ತೆ, ಮಸುಕೂ ಆಗಲ್ಲ" ಅಂದ. ಅವನು ಹೇಳಿದ್ದು ಸುಳ್ಳಲ್ಲ. ಲ್ಯೂಕಾಸ್‌ಆರ್ಟ್ಸ್ ಅನ್ನೋ ಗೇಮ್ ಕಂಪನಿಯ ಎರಿಕ್ ಜಾನ್‌ಸ್ಟನ್ 1992ರ ಸುಮಾರಿಗೆ ಗೇಮ್‌ಗಳನ್ನ ಮ್ಯಾಕ್ ಕಂಪ್ಯೂಟರ್‌ಗೆ ತರುವಾಗ ಈ ಉಪಾಯ ಮಾಡಿದರು, 2001ರಲ್ಲಿ ಆಂಡ್ರಿಯಾ ಮಝೋಲೆನಿ ತಾವೂ ಇದನ್ನೇ ಕಂಡುಕೊಂಡು ಸ್ಕೇಲ್‌ಟುಎಕ್ಸ್ ಅಂತ ಹೆಸರಿಟ್ಟರು. ಒಂದು ಪಿಕ್ಸೆಲ್ ನಾಲ್ಕಾಗುತ್ತದೆ. ಮೇಲಿನ ಪಿಕ್ಸೆಲ್ A, ಬಲಗಡೆಯದು B, ಎಡಗಡೆಯದು C, ಕೆಳಗಿನದು D. ನಾಲ್ಕು ತುಂಡೂ ಮೊದಲು ಮೂಲದ ಬಣ್ಣವೇ, ಆಮೇಲೆ ಈ ನಾಲ್ಕು ಸಾಲು:

```
if C == A and C != D and A != B: p1 = A
if A == B and A != C and B != D: p2 = B
if D == C and D != B and C != A: p3 = C
if B == D and B != A and D != C: p4 = D
```

p1, p2 ಮೇಲಿನ ಎಡ, ಬಲ ತುಂಡು. p3, p4 ಕೆಳಗಿನವು. ಹೊಸ ಬಣ್ಣ ಹುಟ್ಟೋದೇ ಇಲ್ಲ, ಪಕ್ಕದ್ದನ್ನ ಎತ್ತಿ ಇಡುತ್ತದೆ ಅಷ್ಟೇ. ಹಾಗಾಗಿ 16 ಬಣ್ಣ 16 ಆಗಿಯೇ ಉಳಿಯುತ್ತದೆ. ಎಚ್‌ಕ್ಯೂಎಕ್ಸ್, ಎಕ್ಸ್‌ಬಿಆರ್ ಅಂತ ಇದರ ತಮ್ಮಂದಿರಿದ್ದಾರೆ, ಅವು ಅಂಚಿನಲ್ಲಿ ಬಣ್ಣ ಬೆರೆಸುತ್ತವೆ, ನೋಡೋಕೆ ಚಂದ ಆದರೆ ಚೌಕದ ಗುಣ ಹೋಗುತ್ತದೆ.

ನಾನು ಆತುರಕ್ಕೆ ಅಂಗಡಿಯಿಂದ ತಂದ ಜೆಪೆಗ್ ಮೇಲೆಯೇ ಓಡಿಸಿದೆ. ಹೆಚ್ಚುಕಡಿಮೆ ಏನೂ ಆಗಲಿಲ್ಲ! ಅರ್ಧ ಗಂಟೆ ತಲೆ ಕೆರೆದುಕೊಂಡ ಮೇಲೆ ಹೊಳೆಯಿತು. ಆ ಸಾಲುಗಳಲ್ಲಿ ಇರುವುದು ಸಮ ಚಿಹ್ನೆ, ಬಣ್ಣ ಕೂದಲೆಳೆ ವ್ಯತ್ಯಾಸ ಇಲ್ಲದೆ ಒಂದೇ ಆಗಿರಬೇಕು. ಎರಡು ಸಾವಿರ ಬಣ್ಣ ಇರುವ ಚಿತ್ರದಲ್ಲಿ ಯಾವ ಎರಡು ಪಿಕ್ಸೆಲ್ ತಾನೇ ಸಮ? ಒಮ್ಮೆ ಮಸುಕಾದ ಚಿತ್ರವನ್ನ ಈ ವಿಧಾನ ರಿಪೇರಿ ಮಾಡಲ್ಲ.

ಮೂಲ ಫೈಲ್ ಮೇಲೆ ಓಡಿಸಿದೆ. ದೋಸೆಯ ಓರೆ ಅಂಚು ನಿಜಕ್ಕೂ ಚೆನ್ನಾಗಿ ಬಂತು. ಆದರೆ ಬೆಣ್ಣೆ ಮುದ್ದೆ? ಚೌಕದ ಮೂಲೆಯಲ್ಲಿರೋ ಪಿಕ್ಸೆಲ್ ತಗೊಳ್ಳಿ, ಮೇಲೂ ಎಡಕ್ಕೂ ಹಿನ್ನೆಲೆ ಬಣ್ಣ, ಬಲಕ್ಕೂ ಕೆಳಗೂ ಬೆಣ್ಣೆ. ಮೊದಲನೇ ಸಾಲು ತಕ್ಷಣ ಹಿಡಿದು ಆ ಮೂಲೆ ಕತ್ತರಿಸಿತು. ನಾಲ್ಕು ಮೂಲೆಗೂ ಅದೇ ಗತಿ, ಬೆಣ್ಣೆ ಕರಗೋಕೆ ಶುರುವಾದ ಹಾಗೆ ಕಂಡಿತು. ಅಕ್ಷರ ಇನ್ನೂ ಕೆಟ್ಟಿತು. ‘ಣ್ಣೆ’ಯಲ್ಲಿ ಒತ್ತು ಮೇಲಿನ ಅಕ್ಷರಕ್ಕೆ ಮೂಲೆ ತಾಗುವ ಹಾಗೆ ಇಟ್ಟಿದ್ದೆ, ನಡುವಿನ ಖಾಲಿ ಪಿಕ್ಸೆಲ್‌ನ ಒಂದು ಮೂಲೆಗೆ ಕಪ್ಪು ಬಂದು ಎರಡೂ ಅಂಟಿಕೊಂಡವು. ಕನ್ನಡ ಅಕ್ಷರ ಇರೋ ಚಿತ್ರಕ್ಕೆ ಇದನ್ನ ಹಾಕಲೇಬೇಡಿ ಅಂತ ನಾನು ಹೇಳ್ತೀನಿ, ಚಿತ್ರಕ್ಕೆ ಬೇರೆ, ಅಕ್ಷರಕ್ಕೆ ಬೇರೆ ಲೇಯರ್ ಇದ್ದರೆ ಮಾತ್ರ ಪರವಾಗಿಲ್ಲ. ನಾನು ಬರೀ 54 ಪಟ್ಟು ಚೌಕದ ಫೈಲನ್ನೇ ಕೊಟ್ಟೆ, "ಅಳತೆ ಮುಟ್ಟಬೇಡಿ, ನೂರಕ್ಕೆ ನೂರು ಇದ್ದ ಹಾಗೆ ಹೊಡೀರಿ" ಅಂತ ಪಕ್ಕದಲ್ಲೇ ನಿಂತು. ಬೋರ್ಡ್ ಸರಿ ಬಂತು.

ಕೊನೆಯ ಪೆಟ್ಟು ಬಿಲ್ ಪ್ರಿಂಟರ್‌ನಿಂದ. ತಮ್ಮನಿಗೆ ಬಿಲ್ ಮೇಲೂ ಅದೇ ದೋಸೆ ಬೇಕು. ಕಪ್ಪು ಬಿಳುಪಿನಲ್ಲಿ ಬರೆದೆ, ದೋಸೆಯ ಕೆಂಪು ತೋರಿಸೋಕೆ ಒಂದು ಬಿಟ್ಟು ಒಂದು ಚುಕ್ಕೆ ಇಟ್ಟೆ, ಚದುರಂಗದ ಮಣೆ ಅಂದುಕೊಳ್ಳಿ. ಬಿಲ್ ಸಾಫ್ಟ್‌ವೇರ್‌ನಲ್ಲಿ ಲೋಗೋ ಅಗಲ 300 ಅಂತ ಇತ್ತು, ಮುಟ್ಟಲಿಲ್ಲ, ಮಸುಕು ಮಾಡಲ್ಲ ಅಂತಲೂ ಖಾತ್ರಿ ಮಾಡಿಕೊಂಡೆ. ಬಿಲ್ ನೋಡಿದರೆ ದೋಸೆ ತುಂಬ ಅಡ್ಡ ಉದ್ದ ಗೆರೆ, ಸೀಳಿದ ಕಾವಲಿ ಥರ. 300ನ್ನ 96ರಿಂದ ಭಾಗಿಸಿದರೆ 3.125. ಅರ್ಧಂಬರ್ಧ ಚುಕ್ಕೆ ಹೊಡೆಯೋಕೆ ಆಗಲ್ಲ, ಹಾಗಾಗಿ ಏಳು ಪಿಕ್ಸೆಲ್‌ಗೆ ಮೂರು ಮೂರು ಚುಕ್ಕೆ, ಎಂಟನೆಯದಕ್ಕೆ ನಾಲ್ಕು. ಎಂಟು ಪಿಕ್ಸೆಲ್‌ಗೊಂದು ದಪ್ಪ ಪಟ್ಟಿ. ಬೋರ್ಡಿನಲ್ಲಿ 54ರ ಬದಲು ಐವತ್ತೈದೂವರೆ ಆಗಿದ್ದರೂ ಯಾರ ಕಣ್ಣಿಗೂ ಬೀಳ್ತಿರಲಿಲ್ಲ, ಅಷ್ಟು ದೊಡ್ಡ ಚೌಕದಲ್ಲಿ ಒಂದು ಪಿಕ್ಸೆಲ್ ಏನು ಲೆಕ್ಕ. ಮೂರಕ್ಕೆ ಒಂದು ಸೇರಿದರೆ ಮಾತ್ರ ಎದ್ದು ಕಾಣುತ್ತದೆ, ಅದೂ ಚುಕ್ಕೆ ಚುಕ್ಕೆ ತುಂಬಿದ ಕಡೆ. ಅವನ ಪ್ರಿಂಟರ್ 58 ಮಿಲಿಮೀಟರ್ ರೋಲಿನದು, ಸಾಲಿಗೆ 384 ಚುಕ್ಕೆ. 384 ಅಂದರೆ 96ರ ನಾಲ್ಕು ಪಟ್ಟು. ಅಗಲ 300 ಇದ್ದದ್ದನ್ನ 384 ಮಾಡಿದೆ, ಗೆರೆ ಹೋಯಿತು. ನಿಮ್ಮದರಲ್ಲಿ ಪಕ್ಕಕ್ಕೆ ಜಾಗ ಬಿಡಬೇಕು ಅಂದರೆ 288 ಮಾಡಿ, 300 ಮಾತ್ರ ಬೇಡ.